ಒಂದೇ ಸೀರಿಯಲ್ ನಂಬರ್, ನಾಲ್ಕು ಹಾರ್ಡ್ ಡಿಸ್ಕ್: ಶಿಡ್ಲಘಟ್ಟದ ಒಂದು ಸಿಸಿಟಿವಿ ಪ್ರಕರಣ

ಇದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನಡೆದದ್ದು. ಇದರಲ್ಲಿ ಬರುವವರು ಮೂರು ಜನ. ಸಿಸಿಟಿವಿ ಕ್ಯಾಮೆರಾ ಹಾಕಿಕೊಡುವ ಒಬ್ಬ ಹುಡುಗ, ಅವನ ಗಿರಾಕಿಯಾದ, ಗೂಡಿನಿಂದ ರೇಷ್ಮೆ ನೂಲು ತೆಗೆಸುವ ಶಿಡ್ಲಘಟ್ಟದ ಒಬ್ಬ ರೀಲರ್, ಮತ್ತೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನಾನು. ಹುಡುಗನನ್ನು ಇಲ್ಲಿ 'ನಮ್ಮ ಹುಡುಗ' ಅಂತ, ರೀಲರನ್ನು 'ಯಜಮಾನರು' ಅಂತ ಕರೆಯುತ್ತೇನೆ. ಮಾಲು ಕೊಟ್ಟ ಅಂಗಡಿ, ಲೇಬಲ್ ಮೇಲಿದ್ದ ಕಂಪನಿ, ಯಾವುದರ ಹೆಸರನ್ನೂ ಹೇಳುವುದಿಲ್ಲ. ಇಬ್ಬರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ.

ಮೊದಲು ಏನಾಗಿತ್ತು

ನಮ್ಮ ಹುಡುಗ ತಿಂಗಳಿಗೆ ಮೂರೋ ನಾಲ್ಕೋ ಕಡೆ ಕ್ಯಾಮೆರಾ ಹಾಕುತ್ತಾನೆ. ರೇಷ್ಮೆ ಗೂಡಿನ ವ್ಯಾಪಾರಿಗಳು, ಕೋಳಿ ಫಾರಂ, ಕಲ್ಯಾಣ ಮಂಟಪ, ಹೀಗೆ. ಕ್ಯಾಮೆರಾದ ವಿಡಿಯೋ ಎಲ್ಲಾ ಹೋಗಿ ಸೇರುವುದು ಎನ್‌ವಿಆರ್ ಅನ್ನುವ ಪೆಟ್ಟಿಗೆಯೊಳಗಿನ ಹಾರ್ಡ್ ಡಿಸ್ಕ್‌ಗೆ. ಆ ಡಿಸ್ಕ್ ಹಗಲೂ ರಾತ್ರಿ ಬರೆಯುತ್ತಲೇ ಇರಬೇಕು. ಅದಕ್ಕೇ ಕಂಪನಿಗಳು ಕ್ಯಾಮೆರಾ ಕೆಲಸಕ್ಕೆ ಅಂತಲೇ ಬೇರೆ ಡಿಸ್ಕ್ ಮಾಡುತ್ತವೆ, ಅವಕ್ಕೆ ಸಾಮಾನ್ಯವಾಗಿ 3 ವರ್ಷ ವಾರಂಟಿ ಇರುತ್ತದೆ.

ಒಂದು ದಿನ ಬೆಂಗಳೂರಿನ ಸಗಟು ಅಂಗಡಿಯೊಂದರಲ್ಲಿ 4 ಟಿಬಿ ಡಿಸ್ಕ್ ಒಂದಕ್ಕೆ 900 ರೂಪಾಯಿ ಕಮ್ಮಿಗೆ ಸಿಗುತ್ತೆ ಅಂತ ಇವನಿಗೆ ಗೊತ್ತಾಯಿತು. 12 ತಗೊಂಡ. ದಡ್ಡ ಅಂದುಕೊಳ್ಳಬೇಡಿ, ಅವನು ಹುಷಾರಿ. ಕೌಂಟರ್ ಮುಂದೆ ನಿಂತೇ ಮೂರು ಡಿಸ್ಕ್ ಎತ್ತಿಕೊಂಡು, ಲೇಬಲ್ ಮೇಲಿನ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನ ವಾರಂಟಿ ಪುಟದಲ್ಲಿ ಟೈಪ್ ಮಾಡಿ ನೋಡಿದ. ಮೂರಕ್ಕೂ ಮಾಡೆಲ್ ಹೆಸರು ಸರಿಯಾಗಿ ಬಂತು. ವಾರಂಟಿ ಚಾಲ್ತಿಯಲ್ಲಿದೆ ಅಂತ ಹಸಿರು ಟಿಕ್ಕೂ ಬಂತು. ಮೂರೂ ಲೇಬಲ್ ಕಾಣುವ ಹಾಗೆ ಒಂದು ಫೋಟೋ ಹೊಡೆದು ಪಾರ್ಟ್‌ನರ್‌ಗೆ ವಾಟ್ಸಾಪ್ ಮಾಡಿದ, ಕೆಳಗೆ 'ಒರಿಜಿನಲ್, ಚೆಕ್ ಮಾಡಿದೀನಿ' ಅಂತ ಬರೆದ. ಈ ಫೋಟೋ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೆ.

ಒಂದೇ ಒಂದು ವಿಷಯ ಅವನಿಗೆ ಸ್ವಲ್ಪ ಕಸಿವಿಸಿ ಆಗಿತ್ತಂತೆ. ಹೊಸ ಡಿಸ್ಕ್ ಅಂದರೆ ಪೂರ್ತಿ 3 ವರ್ಷ ತೋರಿಸಬೇಕಲ್ವಾ, ಪುಟದಲ್ಲಿ ಇದ್ದದ್ದು 2 ವರ್ಷ 7 ತಿಂಗಳು. ಕೇಳಿದ್ದಕ್ಕೆ ಅಂಗಡಿಯವರು, "ಗೋಡೌನ್‌ನಲ್ಲಿ ಐದು ತಿಂಗಳು ಕೂತಿತ್ತು, ಕಂಪನಿಯಿಂದ ಹೊರಟ ದಿನದಿಂದ ಲೆಕ್ಕ" ಅಂದರು. ಇದು ಪೂರ್ತಿ ಸುಳ್ಳೂ ಅಲ್ಲ. ಬಿಲ್ ತೋರಿಸುವ ತನಕ ಪುಟಗಳು ಮಾಲು ಹೊರಟ ದಿನವನ್ನೇ ಹಿಡಿದು ಲೆಕ್ಕ ಹಾಕುವುದುಂಟು. ನಿಜವಾದ ಡಿಸ್ಕ್‌ಗೂ ಹೀಗಾಗುತ್ತೆ. ಅದಕ್ಕೇ ಅವನು ಸುಮ್ಮನಾದ.

ಡಿಸ್ಕ್ ಸತ್ತ ದಿನ

ಐದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಯಜಮಾನರು ಫೋನ್ ಮಾಡಿದರು. ರಾತ್ರಿ ಘಟಕದಿಂದ ರೇಷ್ಮೆ ನೂಲಿನ ಲಡಿಗಳು ಹೋಗಿವೆ, ವಿಡಿಯೋ ತೆಗೆದುಕೊಡಪ್ಪ ಅಂತ. ಇವನು ಹೋಗಿ ನೋಡಿದರೆ ಎನ್‌ವಿಆರ್ ಕುಯ್ ಕುಯ್ ಅಂತಿದೆ, ಪರದೆ ಮೇಲೆ ಡಿಸ್ಕ್ ಎರರ್. ಕ್ಯಾಮೆರಾ ಎಂಟೂ ಲೈವ್ ತೋರಿಸುತ್ತಿವೆ. ರೆಕಾರ್ಡಿಂಗ್ ಮಾತ್ರ ಒಂಬತ್ತು ದಿನದಿಂದ ಇಲ್ಲ. ಆ ಪೆಟ್ಟಿಗೆ ಬಾಯ್ಲರ್ ಪಕ್ಕದ ರೂಮಿನಲ್ಲಿತ್ತು, ಆ ಸದ್ದಿನಲ್ಲಿ ಬೀಪ್ ಯಾರಿಗೆ ಕೇಳಬೇಕು.

ಯಜಮಾನರು ಬಯ್ಯಲಿಲ್ಲ. "ಕ್ಯಾಮೆರಾ ಇದೆ ಅಂತ ನಾನು ರಾತ್ರಿ ಕಾವಲಿನವನನ್ನ ಬಿಡಿಸಿದ್ದೆ ಕಣಪ್ಪ" ಅಂದರಂತೆ, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಅಂತ ಇವನು ಈಗಲೂ ಹೇಳುತ್ತಾನೆ.

ಡಿಸ್ಕ್ ಬಿಚ್ಚಿಕೊಂಡು ಬಂದ. ಮತ್ತೆ ಪುಟದಲ್ಲಿ ನಂಬರ್ ಹಾಕಿ ನೋಡಿದ, ವಾರಂಟಿ ಇನ್ನೂ ಇದೆ. ಕೊರಿಯರ್ ನೆಚ್ಚದೆ ತಾನೇ ಬೆಂಗಳೂರಿಗೆ ಹೋಗಿ ಸರ್ವಿಸ್ ಸೆಂಟರ್‌ನಲ್ಲಿ ಕೊಟ್ಟ. ಅವರು ಒಳಗೆ ತಗೊಂಡು ಹೋಗಿ, ಹತ್ತು ನಿಮಿಷಕ್ಕೆ ವಾಪಸ್ ತಂದರು. ಲೇಬಲ್ ನಂಬರ್ರೇ ಬೇರೆ, ಒಳಗಿನ ನಂಬರ್ರೇ ಬೇರೆ, ತಗೊಳ್ಳೋಕೆ ಆಗಲ್ಲ. "ನಿಮ್ಮದೇ ಪುಟದಲ್ಲಿ ವಾರಂಟಿ ಇದೆ ಅಂತಿದೆಯಲ್ಲ ಮೇಡಂ" ಅಂತ ಇವನು ಮೊಬೈಲ್ ತೋರಿಸಿದ. ಕೌಂಟರ್‌ನಲ್ಲಿದ್ದ ಹುಡುಗಿ ಮೊಬೈಲ್ ನೋಡಿ, "ಹೌದು, ಆ ನಂಬರಿನ ಡಿಸ್ಕ್‌ಗೆ ವಾರಂಟಿ ಇದೆ. ಇದು ಆ ಡಿಸ್ಕ್ ಅಲ್ಲ" ಅಂದಳಂತೆ.

ಇಡೀ ಪ್ರಕರಣ ಆ ಎರಡು ವಾಕ್ಯದಲ್ಲಿದೆ. ಆದರೆ ಅವತ್ತು ಅದು ಇವನ ತಲೆಗೆ ಹೋಗಲಿಲ್ಲ. ಕಂಪನಿಯವರೇ ಜಾರಿಕೊಳ್ಳುತ್ತಿದ್ದಾರೆ ಅಂತ ಕುದಿಯುತ್ತಾ ಸೀದಾ ನನ್ನ ಅಂಗಡಿಗೆ ಬಂದ.

ಟೇಬಲ್ ಮೇಲೆ ಇಟ್ಟಾಗ

ಪ್ರತಿ ಹಾರ್ಡ್ ಡಿಸ್ಕ್‌ನ ಸೀರಿಯಲ್ ನಂಬರ್ ಎರಡು ಜಾಗದಲ್ಲಿರುತ್ತದೆ. ಒಂದು ಲೇಬಲ್ ಮೇಲೆ, ಕಾಗದದಲ್ಲಿ. ಇನ್ನೊಂದು ಡಿಸ್ಕ್‌ನ ಒಳಗೆ, ಅದನ್ನು ನಡೆಸುವ ಅದರದ್ದೇ ಸಾಫ್ಟ್‌ವೇರ್ ಆದ ಫರ್ಮ್‌ವೇರ್‌ನಲ್ಲಿ. ಕಂಪ್ಯೂಟರ್ 'ನೀನು ಯಾರು' ಅಂತ ಕೇಳಿದಾಗ ಡಿಸ್ಕ್ ತನ್ನ ಮಾಡೆಲ್, ಸೀರಿಯಲ್, ಎಷ್ಟು ವೇಗದಲ್ಲಿ ಸುತ್ತುತ್ತೇನೆ ಅನ್ನುವುದನ್ನೆಲ್ಲಾ ಹೇಳುತ್ತದೆ. ಲೇಬಲ್ ಅಂಟಿಸೋಕೆ ಪ್ರಿಂಟರ್ ಸಾಕು. ಒಳಗಿನದನ್ನು ಬದಲಿಸೋಕೆ ಬೇರೆ ಸಲಕರಣೆ ಬೇಕು.

ಸತ್ತ ಡಿಸ್ಕ್ ಟಕ್ ಟಕ್ ಅನ್ನುತ್ತಿತ್ತು. ನಾಲ್ಕೈದು ಸಲ ಹಾಕಿ ತೆಗೆದ ಮೇಲೆ ಒಂದು ಸಲ ಗುರುತು ಹೇಳಿತು. ಲಿನಕ್ಸ್‌ನಲ್ಲಿ `smartmontools` ಹಾಕಿಕೊಂಡಿದ್ದರೆ ಈ ಕಮಾಂಡ್ ಸಾಕು, `sdb` ಜಾಗದಲ್ಲಿ ನಿಮ್ಮ ಡಿಸ್ಕ್‌ಗೆ ಬಂದ ಹೆಸರು ಹಾಕಬೇಕು:

```
sudo smartctl -i -A /dev/sdb
```

ಬಂದ ಸೀರಿಯಲ್ ಲೇಬಲ್‌ನದ್ದಲ್ಲ. ಮಾಡೆಲ್ಲೂ ಅಲ್ಲ, ಕ್ಯಾಮೆರಾ ಡಿಸ್ಕ್ ಬದಲು ಯಾವುದೋ ಹಳೇ ಸರ್ವರ್ ಡಿಸ್ಕ್. ಕೆಳಗೆ `Power_On_Hours` ಅನ್ನುವ ಸಾಲಿನಲ್ಲಿ 34,512 ಇತ್ತು. ವರ್ಷಕ್ಕೆ 8,760 ಗಂಟೆ, ಅಂದರೆ ಹತ್ತಿರಹತ್ತಿರ ನಾಲ್ಕು ವರ್ಷ ಓಡಿದೆ. ಅದರಲ್ಲಿ ಯಜಮಾನರ ಘಟಕದ ಐದು ತಿಂಗಳು ಕಳೆದರೂ, ಇವನ ಕೈಗೆ 'ಹೊಸದು' ಅಂತ ಬಂದಾಗಲೇ ಅದು ಮೂರೂವರೆ ವರ್ಷ ದುಡಿದು ಸುಸ್ತಾಗಿತ್ತು.

ಇವನು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, "ಹಂಗಾದ್ರೆ ಕಂಪನಿ ಪುಟ ಸುಳ್ಳು ಹೇಳ್ತಾ ಅಣ್ಣ?"

ಸುಳ್ಳು ಹೇಳಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಹೇಳಿದೆ. ಅದರ ಹಿಂದಿರುವುದು ಒಂದು ಪಟ್ಟಿ. ತಾನು ಮಾಡಿ ಕಳಿಸಿದ ಪ್ರತಿ ಮಾಲಿನ ನಂಬರ್, ಮಾಡೆಲ್, ವಾರಂಟಿ ಮುಗಿಯುವ ದಿನ, ಅಷ್ಟು. ನೀವು ನಂಬರ್ ಕೊಟ್ಟರೆ ಆ ಸಾಲನ್ನು ಓದಿ ಹೇಳುತ್ತದೆ. ನಿಮ್ಮ ಕೈಯಲ್ಲಿ ಏನಿದೆ ಅಂತ ಅದಕ್ಕೆ ಕಾಣಿಸುವುದಿಲ್ಲ. ಅದೇ ನಂಬರನ್ನು ನಿನ್ನೆ ಇನ್ನೂರು ಜನ ಹಾಕಿ ನೋಡಿದ್ದರೂ ಇಂಥ ಪುಟ ಅದನ್ನು ನಿಮಗೆ ಹೇಳುವುದಿಲ್ಲ.

ಹಾಗಂತ ಅದು ದಂಡ ಅಂತಲೂ ಅಲ್ಲ. ಅವತ್ತೇ ಒಂದು ಪರೀಕ್ಷೆ ಮಾಡಿದೆವು. ನನ್ನ ಸ್ವಂತ ಡಿಸ್ಕ್ ಒಂದರ ನಂಬರ್ ತಗೊಂಡು, ನಡುವೆ ಎರಡು ಅಕ್ಷರ ಸುಮ್ನೆ ಬದಲಿಸಿ ಹಾಕಿದೆ. ಸಿಗಲಿಲ್ಲ ಅಂತ ಬಂತು. ಇನ್ನೊಂದು, ಮತ್ತೊಂದು, ಎಲ್ಲಾ ಅದೇ ಉತ್ತರ. ಅಂದರೆ ಬಾಯಿಗೆ ಬಂದ ನಂಬರ್ ಹಾಕಿದ ನಕಲಿ ಇಲ್ಲಿ ಸಿಕ್ಕಿಬೀಳುತ್ತದೆ. ಹಾಗೇ ಕಂಪ್ಯೂಟರ್ ತಯಾರಿಸುವವರಿಗೆ ಸಗಟಾಗಿ ಹೋದ ಡಿಸ್ಕ್ ಆದರೆ, ವಾರಂಟಿಗೆ ಆ ತಯಾರಕರನ್ನೇ ಕೇಳಿ ಅಂತ ಪುಟ ಹೇಳುತ್ತದೆ, ಅದೂ ಒಂದು ಸುಳಿವು. ಪುಟ 'ಇಲ್ಲ' ಅಂತ ಹೇಳಿದರೆ ಅದನ್ನು ನಂಬಬಹುದು. ಸರಿ ಅಂದಾಗ ಮಾತ್ರ ಅರ್ಧ ಕೆಲಸವೇ ಆಗಿರುವುದು.

ಇದನ್ನ ನಮ್ಮ ಹುಡುಗ ನನಗಿಂತ ಚೆನ್ನಾಗಿ ಹೇಳಿದ. "ಕದ್ದ ಬೈಕಿಗೆ ಬೇರೆ ಯಾರದೋ ಬೈಕಿನ ನಂಬರ್ ಪ್ಲೇಟ್ ಹಾಕಿದಂಗೆ ಇದು. ಪರಿವಾಹನ್ ಆಪ್‌ನಲ್ಲಿ ನೋಡಿದ್ರೆ ಅದೇ ಮಾಡೆಲ್, ಇನ್ಶೂರೆನ್ಸ್ ಇದೆ ಅಂತಲೇ ಬರುತ್ತೆ. ಚಾಸಿ ನಂಬರ್ ಉಜ್ಜಿ ನೋಡಿದ್ರೆ ತಾನೆ ಗೊತ್ತಾಗೋದು."

ಉಳಿದ ಹನ್ನೊಂದು

12ರಲ್ಲಿ ಒಂದು ಸತ್ತಿತ್ತು, ನಾಲ್ಕು ಅವನ ಮನೆಯಲ್ಲಿ ಕವರ್ ಬಿಚ್ಚದೆ ಇದ್ದವು, ಏಳು ಬೇರೆ ಬೇರೆ ಊರಲ್ಲಿ ಓಡುತ್ತಿದ್ದವು. ನಾಲ್ಕನ್ನೂ ತರಿಸಿದೆ. ಸಾಲಾಗಿ ಇಟ್ಟು ಲೇಬಲ್ ನಂಬರ್‌ಗಳನ್ನು ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಒಂದರ ಕೆಳಗೆ ಒಂದು ಬರೆಯುತ್ತಾ ಹೋದೆ. ಎರಡನೆಯದನ್ನು ಬರೆಯುವಾಗ ಮೊದಲನೆಯದನ್ನೇ ಮತ್ತೆ ಬರೆದುಬಿಟ್ಟೆ ಅಂದುಕೊಂಡು ಹೊಡೆದು ಹಾಕಿದೆ. ಮತ್ತೆ ನೋಡಿದರೆ ನನ್ನದು ತಪ್ಪಲ್ಲ. ಎರಡು ಡಿಸ್ಕ್ ಮೇಲೂ ಒಂದೇ ನಂಬರ್, ಕೊನೆಯ ಅಕ್ಷರದ ತನಕ.

ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಇಂಟರ್‌ನೆಟ್ ಬೇಕಿಲ್ಲ. ಅಂಗಡಿಯಲ್ಲಿ 12 ಡಿಸ್ಕ್ ಪಕ್ಕಪಕ್ಕ ಇಟ್ಟು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಆದರೆ ಇವನು ನೋಡಿದ್ದು ಮೂರು, ಆ ಮೂರೂ ಬೇರೆ ಬೇರೆ. ಮೇಲಿನ ಮೂರಕ್ಕೆ ಬೇರೆ ನಂಬರ್ ಇಟ್ಟಿದ್ದು ಬೇಕಂತಲೇ ಮಾಡಿದ್ದೋ ಏನೋ ನನಗೆ ಅನುಮಾನ ಇದೆ, ಅವನು ಇಲ್ಲ ಅಂತಾನೆ. ಆಮೇಲೆ ಡಿಸ್ಕ್‌ಗಳು ಬೇರೆ ಬೇರೆ ಊರಿಗೆ ಹೋದವು, ಜೊತೆಗೆ ಕೂರುವ ಅವಕಾಶವೇ ಬರಲಿಲ್ಲ.

ಮುಂದಿನ ಒಂದು ವಾರ ಅವನು ಏಳೂ ಜಾಗಕ್ಕೆ ಹೋಗಿ ಬಂದ. ಪೂರ್ತಿ ಲೆಕ್ಕ ಹೀಗೆ ಬಂತು: 12 ಡಿಸ್ಕ್‌ಗೆ ಇದ್ದದ್ದು ಬರೀ 5 ನಂಬರ್. ಒಂದು ನಂಬರ್ ನಾಲ್ಕು ಡಿಸ್ಕ್ ಮೇಲೆ, ಒಂದು ಮೂರರ ಮೇಲೆ, ಎರಡು ನಂಬರ್ ಎರಡೆರಡರ ಮೇಲೆ, ಒಂದೇ ಒಂದು ಮಾತ್ರ ಒಂಟಿ. ಐದನ್ನೂ ಪುಟದಲ್ಲಿ ಹಾಕಿದೆವು. ಐದೂ ಸರಿ, ಐದಕ್ಕೂ ವಾರಂಟಿ.

ಅಂದರೆ ಈ ನಂಬರ್‌ಗಳು ನಿಜವಾದ ಯಾವುದೋ ಐದು ಡಿಸ್ಕ್‌ನವು. ಎಲ್ಲಿಂದ ಸಿಕ್ಕಿತು? ಅದರಲ್ಲೊಂದನ್ನು ಹಾಗೇ ಸರ್ಚ್ ಮಾಡಿದೆ. ಯಾರೋ ತಮ್ಮ ಡಿಸ್ಕ್ ಮಾರಾಟಕ್ಕೆ ಹಾಕಿದ್ದ ಹಳೇ ಜಾಹೀರಾತು ಬಂತು, ಅದರಲ್ಲಿ ಲೇಬಲ್‌ನ ಫೋಟೋ, ನಂಬರ್ ಕನ್ನಡಿಯಂತೆ ಕಾಣುತ್ತಿದೆ. ಉಳಿದ ನಾಲ್ಕು ಹೇಗೆ ಬಂದವೋ. ಒಂದು ನಿಜವಾದ ಡಿಸ್ಕ್ ಕೊಂಡು ಅದರ ಲೇಬಲ್ ಸ್ಕ್ಯಾನ್ ಮಾಡಿದರೂ ಆಯಿತು, ಅಂಗಡಿ ಕಪಾಟಿನ ಪೆಟ್ಟಿಗೆ ಫೋಟೋ ತೆಗೆದರೂ ಆಯಿತು. ನಂಬರ್‌ಗಳು ಸಾಲಾಗಿ ಬರುವ ಪದ್ಧತಿ ಇದ್ದರೆ ಒಂದು ಗೊತ್ತಾದರೆ ಪಕ್ಕದ್ದನ್ನೂ ಊಹಿಸಬಹುದು. ಆಪಲ್ ಕಂಪನಿ 2021ರಿಂದ ತನ್ನ ಹೊಸ ಮಾಲುಗಳಿಗೆ ಯಾವ ಅರ್ಥವೂ ಇಲ್ಲದ, ಕ್ರಮವಿಲ್ಲದ ಸೀರಿಯಲ್ ಕೊಡೋಕೆ ಶುರು ಮಾಡಿತು, ಅದಕ್ಕೂ ಮುಂಚೆ ಅದರಲ್ಲಿ ಕಾರ್ಖಾನೆ, ತಯಾರಾದ ವಾರ ಎಲ್ಲಾ ಅಡಗಿರುತ್ತಿತ್ತು. ಊಹೆ ಮಾಡುವುದು ಇದರಿಂದ ಕಷ್ಟವಾಗುತ್ತೆ. ಕಣ್ಣಿಗೆ ಕಾಣುವ ನಂಬರನ್ನು ನಕಲು ಮಾಡುವುದು ಮಾತ್ರ ಇದರಿಂದ ನಿಲ್ಲುವುದಿಲ್ಲ.

ನಮ್ಮ ಹುಡುಗನಿಗೆ ಇಲ್ಲಿ ಇನ್ನೊಂದು ನೆನಪಾಯಿತು. ಹೊಸ ಮಾಲು ಬಂದಾಗಲೆಲ್ಲಾ ಅವನು ಲೇಬಲ್ ಕಾಣುವ ಹಾಗೆ ಫೋಟೋ ಹೊಡೆದು ವಾಟ್ಸಾಪ್ ಸ್ಟೇಟಸ್ ಹಾಕುತ್ತಿದ್ದ. ಈಗ ಹಾಕಿದರೂ ಬೆರಳು ಅಡ್ಡ ಇಟ್ಟು ಹಾಕುತ್ತಾನೆ.

ನಾನು ಮೋಸಹೋದ ಜಾಗ

ಮನೆಯಿಂದ ತಂದ ನಾಲ್ಕನ್ನೂ ಒಂದೊಂದಾಗಿ ಕಂಪ್ಯೂಟರ್‌ಗೆ ಹಾಕಿದೆ. ಮೊದಲ ಮೂರರದ್ದು ಅದೇ ಕಥೆ, ಒಳಗಿನ ನಂಬರ್ ಬೇರೆ, ಓಡಿದ ಗಂಟೆ ಸಾವಿರಗಟ್ಟಲೆ. ನಾಲ್ಕನೆಯದು ಹಾಗಿರಲಿಲ್ಲ. ಒಳಗಿನ ಸೀರಿಯಲ್ ಲೇಬಲ್‌ಗೆ ಅಕ್ಷರಕ್ಕೆ ಅಕ್ಷರ ಹೊಂದಿತು. ಮಾಡೆಲ್ ಕೂಡಾ ಸರಿ. ಓಡಿದ ಗಂಟೆ 6. "ಇದೊಂದು ಒರಿಜಿನಲ್ ಅಣ್ಣ" ಅಂತ ಇವನ ಮುಖ ಅರಳಿತು. ನಾನೂ ಹ್ಞೂಂ ಅಂದು ಪಕ್ಕಕ್ಕೆ ಇಟ್ಟೆ.

ಟೀ ಕುಡಿದು ಬಂದು ಪರದೆ ಮೇಲೆ ಉಳಿದಿದ್ದ ಸಾಲುಗಳನ್ನು ಇನ್ನೊಂದು ಸಲ ಓದಿದೆ. ಅದರಲ್ಲಿ ಈ ಎರಡು ಇದ್ದವು, ಡಿಸ್ಕ್‌ನ ಸ್ವಂತ ಭಾಗವನ್ನು ಮರೆಮಾಡಿ ಕೊಡುತ್ತಿದ್ದೇನೆ:

```
LU WWN Device Id: 5 000cca *********
Rotation Rate:    7200 rpm
```

ಲೇಬಲ್ ಮೇಲಿನ ಮಾಡೆಲ್ ನಿಮಿಷಕ್ಕೆ 5,400 ಸುತ್ತಿನದು. ಒಳಗಿರುವುದು 7,200. ಅದಕ್ಕಿಂತ ಮುಖ್ಯ ಮೇಲಿನ ಸಾಲು. ಅದು ಡಿಸ್ಕ್‌ಗೆ ಇರುವ ಇನ್ನೊಂದು ಗುರುತಿನ ನಂಬರ್. ಮೊದಲ 5 ಆದ ಮೇಲೆ ಬರುವ ಆರು ಅಕ್ಷರ ತಯಾರಕರ ಕೋಡ್, ಪ್ರತಿ ಕಂಪನಿಗೆ ಬೇರೆ ಬೇರೆ ಕೊಟ್ಟಿರುತ್ತಾರೆ. ಸೀಗೇಟ್‌ನದ್ದು `000c50`, ವೆಸ್ಟರ್ನ್ ಡಿಜಿಟಲ್‌ನದ್ದು `0014ee`, ತೋಷಿಬಾದ್ದು `000039`. ಇಲ್ಲಿದ್ದ `000cca` ಹಿಂದೆ ಹಿಟಾಚಿ ಹೆಸರಲ್ಲಿದ್ದ ಡಿಸ್ಕ್ ಕಂಪನಿಯದ್ದು. ಲೇಬಲ್ ಮೇಲಿದ್ದ ಕಂಪನಿಗೂ ಅದಕ್ಕೂ ಸಂಬಂಧವೇ ಇಲ್ಲ.

ಅಂದರೆ ಇದಕ್ಕೆ ಯಾರೋ ಜಾಸ್ತಿ ಕಷ್ಟಪಟ್ಟಿದ್ದಾರೆ. ಒಳಗಿನ ಮಾಡೆಲ್ ಹೆಸರು, ಸೀರಿಯಲ್ ಎರಡನ್ನೂ ತಿದ್ದಿದ್ದಾರೆ, ಗಂಟೆಯ ಲೆಕ್ಕವನ್ನು ಸೊನ್ನೆ ಮಾಡಿದ್ದಾರೆ. ಡೇಟಾ ರಿಕವರಿ ಮಾಡುವವರ ಹತ್ತಿರ ಇಂಥ ಸಲಕರಣೆ ಇರುತ್ತದೆ, ಅದರ ದುರುಪಯೋಗ ಇದು. ಈ ಎರಡು ಸಾಲು ತಿದ್ದುವುದು ಮರೆತಿದ್ದಾರೆ. ನಾಳೆ ಇದನ್ನೂ ತಿದ್ದುವವರು ಬರಬಹುದು.

2025ರ ಆರಂಭದಲ್ಲಿ ಜರ್ಮನಿಯಲ್ಲಿ ಹೀಗೇ ಒಂದು ಗಲಾಟೆ ಆಯಿತು. ಓಡಿಸಿ ಹಳತಾದ ಸೀಗೇಟ್ ಸರ್ವರ್ ಡಿಸ್ಕ್‌ಗಳು ಹೊಸದು ಅಂತ ಮಾರಾಟವಾಗಿದ್ದವು, ಮಾಮೂಲಿ ಗಂಟೆ ಲೆಕ್ಕ ಸೊನ್ನೆ ಮಾಡಿದ್ದರು. ಆದರೆ ಸೀಗೇಟ್ ಡಿಸ್ಕ್‌ಗಳಲ್ಲಿ `FARM` ಅನ್ನುವ ಇನ್ನೊಂದು ದಾಖಲೆ ಇದೆ, ಅದರಲ್ಲಿ ನಿಜವಾದ ಗಂಟೆ ಉಳಿದುಕೊಂಡಿತ್ತು. ಸೀಗೇಟ್ ಡಿಸ್ಕ್ ಆದರೆ `smartctl` 7.4 ಅಥವಾ ಅದಕ್ಕಿಂತ ಹೊಸದರಲ್ಲಿ ಹೀಗೆ ನೋಡಬಹುದು:

```
sudo smartctl -l farm /dev/sdb
```

ಇಷ್ಟೆಲ್ಲಾ ಹೇಳಿದ ಮೇಲೆ ಒಂದು ನಾಚಿಕೆಯ ವಿಷಯ ಹೇಳಲೇಬೇಕು. ನಾಲ್ಕನೇ ಡಿಸ್ಕನ್ನು ನನ್ನ ಹತ್ತಿರ ಇದ್ದ ಅದೇ ಮಾಡೆಲ್‌ನ ನಿಜವಾದ ಡಿಸ್ಕ್ ಪಕ್ಕ ಇಟ್ಟಾಗ, ಎರಡರ ಮೇಲ್ಮುಚ್ಚಳದ ಆಕಾರವೇ ಬೇರೆ. ಸ್ಕ್ರೂ ಇರುವ ಜಾಗ ಬೇರೆ. ಕೇಬಲ್ ಹಾಕುವ ಜಾಗದ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಹಾಕಿ ತೆಗೆದ ಗೆರೆಗಳು. ಹತ್ತು ವರ್ಷದಿಂದ ಡಿಸ್ಕ್ ನೋಡುತ್ತಿದ್ದೇನೆ, ಆದರೂ ಅವತ್ತು ಪರದೆ ನೋಡುವ ಗಡಿಬಿಡಿಯಲ್ಲಿ ಕೈಯಲ್ಲಿದ್ದ ಮಾಲನ್ನೇ ನೋಡಿರಲಿಲ್ಲ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಕುತೂಹಲ ತಡೆಯಲಾರದೆ ಒಂದು ಡಿಸ್ಕ್‌ನ ಲೇಬಲ್ಲನ್ನು ಹೇರ್ ಡ್ರೈಯರ್ ಹಿಡಿದು ಕಿತ್ತೆ. ಕೆಳಗೆ ಹಳೇ ಲೇಬಲ್‌ನ ಅಂಟು, ಅದರ ಒಂದು ಮೂಲೆಯ ಚೂರು ಸಿಕ್ಕಿತು. ನೋಡಿ ಖುಷಿಪಟ್ಟೆವು. ಆ ಖುಷಿಗೆ ಒಂದು ಡಿಸ್ಕ್‌ನ ದುಡ್ಡು ಹೋಯಿತು.

ಅಂಗಡಿಯವರ ಮುಂದೆ

10 ಡಿಸ್ಕ್ ಚೀಲದಲ್ಲಿ ಹಾಕಿಕೊಂಡು ಇಬ್ಬರೂ ಬೆಂಗಳೂರಿಗೆ ಹೋದೆವು. ಇನ್ನೆರಡು ಯಾಕೆ ಬರಲಿಲ್ಲ ಅಂತ ಆಮೇಲೆ ಹೇಳುತ್ತೇನೆ. ಅಂಗಡಿಯವರು ಕೂಗಾಡಲಿಲ್ಲ. ಟೀ ತರಿಸಿದರು. ಬಿಲ್ ತೆಗೆದು ನಮ್ಮ ಕಡೆ ತಿರುಗಿಸಿ ಇಟ್ಟರು. ಅದರಲ್ಲಿ 4 ಟಿಬಿ ಹಾರ್ಡ್ ಡಿಸ್ಕ್, ಸಂಖ್ಯೆ 12 ಅಂತ ಇತ್ತು, ಅಷ್ಟೇ. ಸೀರಿಯಲ್ ಇಲ್ಲ. "ಇವು ನಮ್ಮವೇ ಅಂತ ಹೆಂಗೆ ಹೇಳೋದು ಬ್ರದರ್? ನೀವು ಹತ್ತು ಕಡೆ ಕೊಳ್ತೀರ."

ಆಗ ಕೆಲಸಕ್ಕೆ ಬಂದದ್ದು ಆ ವಾಟ್ಸಾಪ್ ಫೋಟೋ. ಅದರಲ್ಲಿ ಮೂರು ಲೇಬಲ್, ಮೂರರ ನಂಬರ್ರೂ ಓದುವ ಹಾಗಿದೆ. ಕೆಳಗೆ ಅದೇ ಅಂಗಡಿಯ ಹಸಿರು ಗಾಜಿನ ಕೌಂಟರ್, ಮೇಲೆ ಕಳಿಸಿದ ದಿನ ಮತ್ತು ಗಂಟೆ. ಬಿಲ್ ದಿನವೇ ಅದು. ಆ ಮೂರು ನಂಬರ್‌ನ ಲೇಬಲ್ಲೇ ನಾವು ತಂದಿದ್ದ ಬಹುಪಾಲು ಡಿಸ್ಕ್ ಮೇಲೆ ಇದ್ದವು. ಫೋಟೋ ನೋಡಿದ ಮೇಲೆ ಅವರ ದನಿ ಬದಲಾಯಿತು. ತಮಗೂ ಯಾರೋ ತಂದುಕೊಟ್ಟದ್ದು, ತಾವೂ ಪುಟದಲ್ಲಿ ನೋಡಿಯೇ ತಗೊಂಡದ್ದು ಅಂದರು. ಅದು ನಿಜವೂ ಇರಬಹುದು, ಪುಟದ ಉತ್ತರ ಅವರಿಗೂ ಅದೇ ತಾನೆ ಬರುವುದು.

ಲೇಬಲ್ ಕಿತ್ತ ಡಿಸ್ಕನ್ನು ಮಾತ್ರ ಮುಟ್ಟಲಿಲ್ಲ. ಇದನ್ನ ನೀವೇ ಬಿಚ್ಚಿದೀರಿ, ಇದಕ್ಕೂ ನಮಗೂ ಸಂಬಂಧ ಇಲ್ಲ ಅಂದರು. ವಾದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಒಂಬತ್ತಕ್ಕೆ ಲೆಕ್ಕ ಕೊಟ್ಟರು, ಅದೂ ನಗದಲ್ಲ, ಕ್ಯಾಮೆರಾ ಮತ್ತು ಕೇಬಲ್ ರೂಪದಲ್ಲಿ.

ಒಪ್ಪಿಕೊಳ್ಳಬೇಕಿತ್ತಾ ಅಂತ ಸುಮಾರು ಜನ ಕೇಳಿದ್ದಾರೆ. ಗ್ರಾಹಕರ ಸಹಾಯವಾಣಿ 1915 ಇದೆ, ಗೊತ್ತು. ಆದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಮತ್ತೆ ಮಾರೋದಕ್ಕೆ ಅಂತ ಮಾಲು ಕೊಂಡವರನ್ನು ಗ್ರಾಹಕರು ಅಂತ ಲೆಕ್ಕ ಹಿಡಿಯುವುದಿಲ್ಲ. ಇವನು ಕೊಂಡದ್ದೇ ಗಿರಾಕಿಗಳಿಗೆ ಮಾರೋಕೆ. ಇನ್ನೊಂದು ದಾರಿ ಪೊಲೀಸ್, ಸುಳ್ಳು ಟ್ರೇಡ್‌ಮಾರ್ಕ್ ಹಾಕಿದ ಮಾಲು ಮಾರುವುದು ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಅಪರಾಧ. ಅವನಿಗೆ ಅದಕ್ಕೆಲ್ಲಾ ಓಡಾಡುವ ಶಕ್ತಿ ಇರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತೇನೋ.

ಲೇಬಲ್ ಮೇಲಿನ ಕಂಪನಿಗೆ ಫೋಟೋಗಳನ್ನು ಮೇಲ್ ಮಾಡಿದೆವು. ಆ ಲೇಬಲ್ ನಮ್ಮದಲ್ಲ ಅಂತ ಒಂದು ಪ್ಯಾರಾ ಉತ್ತರ ಬಂತು. ಆ ನಂಬರ್‌ಗಳ ನಿಜವಾದ ಡಿಸ್ಕ್ ಎಲ್ಲಿವೆ ಅಂತ ಹೇಳಲಿಲ್ಲ. ಬೇರೆ ಗಿರಾಕಿಯ ವಿಷಯ, ಹೇಳುವುದೂ ಇಲ್ಲ. ಆದರೆ ಒಂದು ಯೋಚನೆ ಬಂತು: ಆ ಐದು ಜನರಲ್ಲಿ ಯಾರಾದರೂ ನಾಳೆ ನಿಜವಾದ ಡಿಸ್ಕ್ ಹಿಡಿದು ವಾರಂಟಿಗೆ ಹೋದರೆ, ಅಷ್ಟರಲ್ಲಿ ಯಾರೋ ನಕಲಿಯವನು ಆ ನಂಬರ್ ಮೇಲೆ ಬದಲಿ ಡಿಸ್ಕ್ ಹೊಡೆದುಕೊಂಡಿದ್ದರೆ?

ಯಜಮಾನರಿಗೆ ನಮ್ಮ ಹುಡುಗ ತನ್ನ ಕೈಯಿಂದ ಹೊಸ ಡಿಸ್ಕ್ ಹಾಕಿಕೊಟ್ಟ. ಕಳ್ಳತನ ಯಾರು ಮಾಡಿದ್ದು ಅಂತ ಗೊತ್ತಾಗಲೇ ಇಲ್ಲ. ಡಿಸ್ಕ್ ಸತ್ತ ಮೇಲಿನ ದಿನಗಳ ವಿಡಿಯೋ ಬರೆದೇ ಇಲ್ಲದ ಮೇಲೆ ರಿಕವರಿ ಮಾಡಿಸಿ ಏನು ಪ್ರಯೋಜನ. ರಾತ್ರಿ ಕಾವಲಿನವನು ವಾಪಸ್ ಬಂದಿದ್ದಾನೆ.

ಈಗ ಹೇಗೆ ಕೊಳ್ಳುತ್ತಾನೆ

ಪುಟ ನೋಡುವುದನ್ನು ಅವನು ಬಿಟ್ಟಿಲ್ಲ. ಮೊದಲು ಅದನ್ನೇ ನೋಡುತ್ತಾನೆ, ಅಲ್ಲೇ ಬಿದ್ದುಹೋದರೆ ಮುಂದಿನ ಕೆಲಸ ಉಳಿಯಿತು. ಆದರೆ ಮೂರಲ್ಲ, ಎಲ್ಲವನ್ನೂ. ಎಲ್ಲಾ ಲೇಬಲ್ ಪಕ್ಕಪಕ್ಕ ಇಟ್ಟು ಒಂದೇ ಫೋಟೋ. ಬ್ಯಾಗಿನಲ್ಲಿ ಒಂದು ಯುಎಸ್‌ಬಿ ಡಾಕ್ ಮತ್ತು ಹಳೇ ಲ್ಯಾಪ್‌ಟಾಪ್ ಇರುತ್ತೆ. ಒಂದೊಂದನ್ನೂ ಹಾಕಿ ಒಳಗಿನ ಸೀರಿಯಲ್, ತಯಾರಕರ ಕೋಡ್, ಸುತ್ತಿನ ವೇಗ, ಗಂಟೆ ಓದುತ್ತಾನೆ, ಡಿಸ್ಕ್‌ಗೆ ಎರಡು ನಿಮಿಷ ಆಗುತ್ತೆ. ಕೆಲವು ಅಗ್ಗದ ಡಾಕ್‌ಗಳು ಡಿಸ್ಕ್‌ನ ನಂಬರ್ ಬದಲು ತಮ್ಮದೇ ನಂಬರ್ ತೋರಿಸುತ್ತವೆ, ಅದಕ್ಕೆ `-d sat` ಅಂತ ಸೇರಿಸಿ ಕೇಳಬೇಕಾಗುತ್ತದೆ. ಇದು ಗೊತ್ತಿಲ್ಲದೆ ಒಂದು ಸಲ ಸರಿಯಾದ ಡಿಸ್ಕನ್ನೇ ನಕಲಿ ಅಂತ ಜಗಳ ತೆಗೆದು ಆಮೇಲೆ ಕ್ಷಮೆ ಕೇಳಿ ಬಂದಿದ್ದಾನೆ. ವಿಂಡೋಸ್‌ನವರು ಪವರ್‌ಶೆಲ್‌ನಲ್ಲಿ ಕನಿಷ್ಠ ಸೀರಿಯಲ್ ನೋಡಬಹುದು:

```
Get-PhysicalDisk | Select FriendlyName, SerialNumber
```

ಆಗಲೇ ಎನ್‌ವಿಆರ್ ಒಳಗೆ ಕೂತಿರುವ ಡಿಸ್ಕ್ ಆದರೆ ಬಿಚ್ಚುವುದೇ ಬೇಡ. ಬಹಳಷ್ಟು ಎನ್‌ವಿಆರ್‌ಗಳ ಮೆನುವಿನಲ್ಲಿ ಡಿಸ್ಕ್‌ನ ಆರೋಗ್ಯ ತೋರಿಸುವ ಒಂದು ಪುಟ ಇರುತ್ತೆ, ಅಲ್ಲಿ ಮಾಡೆಲ್, ಓಡಿದ ಗಂಟೆ ಕಾಣುತ್ತದೆ. ಏಳು ಜಾಗಕ್ಕೆ ಹೋದಾಗ ಅವನು ಮೊದಲು ನೋಡಿದ್ದು ಇದನ್ನೇ. ಬಿಚ್ಚಿ ಲೇಬಲ್ ಬರೆದುಕೊಂಡದ್ದು ಅದಾದ ಮೇಲೆ.

ಬಿಲ್‌ನಲ್ಲಿ ಪ್ರತಿ ಸೀರಿಯಲ್ ಬರೆಸುತ್ತಾನೆ. ಇದಕ್ಕೇ ಎರಡು ಅಂಗಡಿ ಇವನಿಗೆ ಮಾಲು ಕೊಡಲ್ಲ ಅಂದಿವೆ. 900 ಉಳಿಸಿದ ಆ ಅಂಗಡಿಗಿಂತ ಈಗ ಕೊಳ್ಳುವ ಕಡೆ ದರ ಜಾಸ್ತಿ, ಅದನ್ನು ಗಿರಾಕಿಗೆ ವಿವರಿಸುವುದೇ ಅವನಿಗೆ ಈಗ ದೊಡ್ಡ ತಲೆನೋವು.

ಬಾರದೆ ಉಳಿದ ಆ ಎರಡು ಡಿಸ್ಕ್ ಚಿಂತಾಮಣಿಯಲ್ಲಿ ಒಂದು, ಗೌರಿಬಿದನೂರಿನಲ್ಲಿ ಒಂದು ಇವೆ. ನಕಲಿ ಅಂತ ಹೇಳಿ, ಬೇರೆ ಹಾಕಿಕೊಡುತ್ತೇನೆ ಅಂದರೂ ಆ ಇಬ್ಬರು ಗಿರಾಕಿಗಳು ಒಪ್ಪಲಿಲ್ಲ. ಓಡ್ತಾ ಇದೆಯಲ್ಲ, ಹಳೇ ರೆಕಾರ್ಡಿಂಗ್ ಹೋಗುತ್ತೆ, ಕೈ ಹಾಕಬೇಡ ಅಂದರು. ಎರಡರ ಲೇಬಲ್ ಮೇಲೂ ಇರುವುದು ಆ ನಾಲ್ಕು ಸಲ ಸಿಕ್ಕ ಒಂದೇ ನಂಬರ್. ಕೊಂಡು ಎಂಟು ತಿಂಗಳಾದಾಗ ಇದನ್ನು ಬರೆಯಲು ಕೂತು ಅದನ್ನು ಇನ್ನೊಂದು ಸಲ ಪುಟದಲ್ಲಿ ಹಾಕಿದೆ. ಹಸಿರು ಟಿಕ್ ಬಂತು, ಇನ್ನೂ 1 ವರ್ಷ 11 ತಿಂಗಳು ವಾರಂಟಿ ಇದೆಯಂತೆ.